ಬಾಗಿಲ ಹಿಂದಿನ ಮೊಳೆ

ಅವ್ವಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಚಿಗರಿ ಬಸ್ಸಿನಲ್ಲಿ ನಿಂತಿದ್ದೆ, ಕೈಯಲ್ಲಿ ಡಬ್ಬಿ ಚೀಲ, ಸುತ್ತ ಜನ. "ತಮ್ಮ ಹೇಳಿದ, ದಿನಾ ಮುಂಜಾನೆ ಲಿಂಗಪೂಜಾ ಮಾಡಾಕತ್ತೀಯಂತ. ಏನಾತವ್ವಾ? ಯಾರರ ಏನರ ಅಂದ್ರೇನು?" ಅಂದೆ ನೀನು. ನಾನು "ಏನಿಲ್ಲ ಬಿಡು, ಸುಮ್ನೆ" ಅಂದೆ. ಫೋನ್ ಇಟ್ಟ ಮೇಲೆ ಅನ್ನಿಸಿತು, ನಿನ್ನ ದನಿಯಲ್ಲಿ ಖುಷಿಗಿಂತ ಹೆದರಿಕೆ ಜಾಸ್ತಿ ಇತ್ತು. ಹದಿಮೂರು ವರ್ಷ ಲಿಂಗ ಮುಟ್ಟದ ಮಗಳು ಒಮ್ಮೆಲೇ ಈಬತ್ತಿ ಹಚ್ಚಿಕೊಂಡು ಕೂತರೆ ಯಾವ ತಾಯಿಗೂ ಹಾಗೇ ಆಗುತ್ತದೆ, ಅಲ್ವಾ? ಕೆಲಸ ಹೋಯಿತೋ, ಯಾರಾದರೂ ಕೈಕೊಟ್ಟರೋ, ಯಾವುದಾದರೂ ರೋಗ ಬಂತೋ ಅಂತ.

ಅದ್ಯಾವುದೂ ಇಲ್ಲ. ಸಂಬಳ ಒಂದನೇ ತಾರೀಖಿಗೆ ಬರುತ್ತಿದೆ. ಆರೋಗ್ಯ ಚೆನ್ನಾಗಿದೆ. ಯಾವ ಸ್ವಾಮಿಗಳ ಹಿಂದೆಯೂ ಬಿದ್ದಿಲ್ಲ. ಆದರೆ ಹೇಳಬೇಕಾದ ಮಾತೊಂದು ಇದೆ, ಅದು ಫೋನಿನಲ್ಲಿ ಬರುವಂಥದ್ದಲ್ಲ. ಅದಕ್ಕೇ ಕಾಗದ.

ಮೊದಲು ಬಿಟ್ಟಿದ್ದು ಯಾಕೆ ಅಂತ ಹೇಳುತ್ತೇನೆ. ನೀನು ಇದುವರೆಗೂ ಹೈಸ್ಕೂಲಿನ ಗೆಳತಿಯರ ಸಹವಾಸದಿಂದ ಅಂದುಕೊಂಡಿದ್ದೀಯ. ಅಲ್ಲ. ನಾನು ಮೊದಲ ಸಲ ಕಡಿಗೆಯಾದ ದಿನ ನೆನಪಿದೆಯಾ? ಆಯಿ ನನ್ನ ಕೊರಳಿನಿಂದ ಲಿಂಗದ ಕರಡಗಿ ಬಿಚ್ಚಿಸಿದಳು. ತಾನು ಮುಟ್ಟಲಿಲ್ಲ, ನನ್ನ ಕೈಯಿಂದಲೇ ಬಿಚ್ಚಿಸಿದಳು. ದೇವರ ಕೋಣೆಯ ಬಾಗಿಲ ಹಿಂದೆ ಒಂದು ಮೊಳೆ ಇದೆಯಲ್ಲ, ನಿನ್ನದನ್ನೂ ತಿಂಗಳಿಗೊಮ್ಮೆ ನೇತುಹಾಕುತ್ತಿದ್ದ ಮೊಳೆ, ಅದಕ್ಕೆ ನೇತುಹಾಕಿಸಿದಳು. "ಐದು ದಿನ ಆದ್ಮ್ಯಾಲ ತಲಿಮ್ಯಾಲ ನೀರು ಹಾಕ್ಕೊಂಡು ಹಾಕ್ಕೋ" ಅಂದಳು.

ಎಂಟನೇ ವಯಸ್ಸಿನಲ್ಲಿ ನೀನು ನನಗೆ ಪೂಜೆ ಕಲಿಸುವಾಗ ಬೇರೆ ಮಾತು ಹೇಳಿದ್ದೆ. ಗುಡಿಯ ದೇವರು ಗುಡಿಯಲ್ಲಿ ಇರುತ್ತಾನೆ, ಇದು ಹಾಗಲ್ಲ, ಇದು ನಿನ್ನದು, ಉಂಡರೂ ಮಲಗಿದರೂ ನಿನ್ನ ಮೈಮೇಲೆ ಇರುತ್ತದೆ ಅಂದಿದ್ದೆ. ಹುಟ್ಟಿದಾಗ ಅಯ್ಯನವರು ಕಟ್ಟಿದ ಲಿಂಗ, ಸಾಯುವತನಕ ಬಿಡಬಾರದು ಅಂದಿದ್ದೆ. ನಾನು ನಂಬಿದ್ದೆ. ಪರೀಕ್ಷೆಗೆ ಹೋಗುವಾಗ ಅಂಗಿಯ ಮೇಲಿಂದ ಕರಡಗಿ ಮುಟ್ಟಿಕೊಳ್ಳುತ್ತಿದ್ದೆ. ಅಂಥದ್ದು ಮೊಳೆಯ ಮೇಲೆ ನೇತಾಡುತ್ತಿತ್ತು. ಐದು ದಿನ ಆ ಬಾಗಿಲ ಹತ್ತಿರ ಹೋದಾಗಲೆಲ್ಲ ಅದನ್ನು ನೋಡುತ್ತಿದ್ದೆ. ಆರನೇ ದಿನ ತಲೆಸ್ನಾನ ಮಾಡಿ ಮತ್ತೆ ಹಾಕಿಕೊಂಡೆ. ಆದರೆ ಮೊದಲಿನಂತೆ ಅನ್ನಿಸಲಿಲ್ಲ. ಐದಾರು ತಿಂಗಳು ಹಾಗೇ ತೆಗೆಯುವುದು ಹಾಕುವುದು ನಡೆಯಿತು. ಒಂದು ಸಲ ಹಾಕಿಕೊಳ್ಳಲಿಲ್ಲ. ಯಾರೂ ಕೇಳಲಿಲ್ಲ. ಅಷ್ಟೇ, ಬಿಟ್ಟುಹೋಯಿತು. ದೇವರ ಮೇಲಿನ ಸಿಟ್ಟು, ವಿಚಾರ, ಓದು ಇವೆಲ್ಲ ನಾನು ಆಮೇಲೆ ಕಟ್ಟಿಕೊಂಡ ಕಾರಣಗಳು.

ಇನ್ನು ಹೋದ ಕಾರ್ತಿಕದಲ್ಲಿ ಆಯಿ ಹೋದದ್ದು. ನೀನು ಬಂದವರನ್ನು ನೋಡಿಕೊಳ್ಳುವುದರಲ್ಲಿ ಇದ್ದೆ. ನಾನು ಮಣ್ಣಿಗೆ ಹೋಗಿದ್ದೆ. ಅದಕ್ಕೂ ಮೊದಲು ನಾನು ಯಾರ ಮಣ್ಣಿಗೂ ಕುಣಿಯ ಹತ್ತಿರದವರೆಗೆ ಹೋದವಳಲ್ಲ. ಆಯಿಯನ್ನು ಕೂತ ಭಂಗಿಯಲ್ಲೇ ಒಳಗೆ ಇಳಿಸಿದರು. ಪೂಜೆಗೆ ಕೂತ ಹಾಗೇ, ಕಾಲು ಮಡಚಿ. ಅಯ್ಯನವರು ಒಳಗೆ ಇಳಿದು ಆಕೆಯ ಕೊರಳಿನ ಕರಡಗಿ ಬಿಚ್ಚಿ ಲಿಂಗ ತೆಗೆದು ಎಡಗೈಯಲ್ಲಿ ಇಟ್ಟರು. ಬೆರಳು ಹಿಡಿಯಲಿಲ್ಲ. ಲಿಂಗ ಜಾರಿತು. ಇನ್ನೊಮ್ಮೆ ಇಟ್ಟು, ಬಿಳಿ ಬಟ್ಟೆಯಿಂದ ಅಂಗೈಯನ್ನೂ ಲಿಂಗವನ್ನೂ ಸೇರಿಸಿ ಕಟ್ಟಿದರು. ಆಮೇಲೆ ಈಬತ್ತಿ, ಪತ್ರಿ, ಮಣ್ಣು.

ಖಾಲಿ ಕರಡಗಿಯನ್ನು ಅಯ್ಯನವರು ಮೇಲೆ ಕೊಟ್ಟರು. ಅದನ್ನು ಹಿಡಿದುಕೊಂಡವಳು ನಾನು. ನಮ್ಮ ಮನೆಯಲ್ಲಿ ಬಳೆ, ಸರ, ಹಿತ್ತಾಳೆ ಕೊಡ ಎಲ್ಲ ಒಬ್ಬರಿಂದ ಒಬ್ಬರಿಗೆ ಬಂದಿವೆ. ಲಿಂಗ ಮಾತ್ರ ಹಾಗಲ್ಲ. ಅದು ಯಾರಿಗೂ ಬರುವುದಿಲ್ಲ, ಅವರ ಜೊತೆಗೇ ಹೋಗುತ್ತದೆ. ಇದು ನನಗೆ ಗೊತ್ತಿದ್ದ ವಿಷಯವೇ. ಆದರೆ ಆ ಬೆಳ್ಳಿ ಡಬ್ಬಿ ಕೈಯಲ್ಲಿ ಹಗುರಾಗಿದ್ದಾಗ ನನ್ನದು ಎಲ್ಲಿದೆ ಅಂತ ನೆನಪಾಯಿತು. ಕಾಲೇಜಿಗೆ ಧಾರವಾಡಕ್ಕೆ ಬರುವಾಗ ನೀನೇ ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೆ. ನನಗೆ ಹೇಳಿರಲಿಲ್ಲ. ನಾನು ನೋಡಿದ್ದೆ, ನಾನೂ ಹೇಳಿರಲಿಲ್ಲ.

ಅಂದು ಸಂಜೆ ಅಯ್ಯನವರು ಕಟ್ಟೆಯ ಮೇಲೆ ಕೂತು ಅಪ್ಪನಿಗೆ ಹೇಳುತ್ತಿದ್ದರು, ದೀಪ ಹಚ್ಚಿ ಪೂಜೆ ಮಾಡಿಕೊಂಡು ಊಟ ಮಾಡಿ ಅಂತ. ನಮ್ಮ ಓಣಿಯ ಯಾರೋ "ಸೂತಕ ಅಲ್ಲೇನ್ರಿ" ಅಂದರು. "ಲಿಂಗ ಇದ್ದವರಿಗೆ ಎಲ್ಲಿ ಸೂತಕರೀ" ಅಂದರು ಅಯ್ಯನವರು. ಐದು ಸೂತಕಗಳನ್ನು ಬಸವಣ್ಣನವರ ಕಾಲದಲ್ಲೇ, 12ನೇ ಶತಮಾನದಲ್ಲೇ ಶರಣರು ಕಿತ್ತುಹಾಕಿದ್ದಾರೆ ಅಂತ ಬೆರಳು ಮಡಚಿ ಎಣಿಸಿದರು. ಹುಟ್ಟಿನದು, ಸಾವಿನದು, ಎಂಜಲಿನದು, ಜಾತಿಯದು. ನಾಲ್ಕು ಎಣಿಸಿ ನಿಲ್ಲಿಸಿದರು. ನಾನು ನೀರು ಕೊಡಲು ಬಂದವಳು ಅಲ್ಲೇ ನಿಂತೆ. "ಐದನೇದ್ದು?" ಅಂತ ಕೇಳಿದೆ. ಅವರು ಅಪ್ಪನ ಮುಖ ನೋಡಿ, ನನ್ನ ಮುಖ ನೋಡಿ, ಸಣ್ಣ ದನಿಯಲ್ಲಿ "ಮುಟ್ಟಿಂದವಾ" ಅಂದರು.

"ಅದೂ ಇಲ್ಲಾ?"

"ಅದೂ ಇಲ್ಲ. ಐದೂ ಇಲ್ಲ ಅಂದ್ರ ಐದೂ ಇಲ್ಲ."

"ಮತ್ತ ನಮ್ಮ ಮನ್ಯಾಗ ಮೊಳಿಗೆ ಯಾಕ ಹಾಕಿಸ್ತಾರ್ರೀ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಂದಿ ಮಾಡ್ತಾರವ್ವಾ, ನಾವು ಬ್ಯಾಡ ಅನ್ನೂದಿಲ್ಲ. ಅದು ನಮ್ಮ ತಪ್ಪು" ಅಂದರು. ಅಷ್ಟು ನೇರವಾಗಿ ಒಪ್ಪಿಕೊಳ್ಳುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ.

ಅವ್ವಾ, ಆ ರಾತ್ರಿ ನನಗೆ ಬಂದದ್ದು ಭಕ್ತಿ ಅಲ್ಲ, ಸಿಟ್ಟು. ಯಾವ ಕಟ್ಟಳೆಯಿಂದ ನಾನು ದೂರ ಹೋದೆನೋ ಆ ಕಟ್ಟಳೆಯೇ ಇಲ್ಲ! ಇನ್ಯಾವುದೋ ಮನೆಯ ಮಡಿಯನ್ನು ನಾವು ತಂದು ನಮ್ಮ ಬಾಗಿಲಿಗೆ ಮೊಳೆ ಹೊಡೆದುಕೊಂಡಿದ್ದೇವೆ ಅನ್ನಿಸಿತು. ಯಾರ ಮೇಲೆ ಸಿಟ್ಟಾಗುವುದು? ಆಯಿ ಮಣ್ಣಲ್ಲಿದ್ದಳು. ಆಕೆಗೂ ಯಾರೋ ಹಾಗೇ ಬಿಚ್ಚಿಸಿರುತ್ತಾರೆ.

ಸಿಟ್ಟು ಇಳಿಯಲು ಚಳಿಗಾಲ ಪೂರ್ತಿ ಬೇಕಾಯಿತು. ಇಳಿದ ಮೇಲೆ ಉಳಿದದ್ದು ಒಂದೇ ಪ್ರಶ್ನೆ. ಬಿಡಲು ಇದ್ದ ಕಾರಣ ಹೋಯಿತು, ಈಗ ಏನು ಮಾಡುತ್ತೀ? ಸುಮ್ಮನೆ ಇರಬಹುದಿತ್ತು. ಯುಗಾದಿಯ ಮರುದಿನ ಟ್ರಂಕ್ ತೆಗೆದೆ.

ಕರಡಗಿಯ ಬೆಳ್ಳಿ ಕಪ್ಪಾಗಿತ್ತು. ಶಿವದಾರ ಎಳೆದ ಕೂಡಲೇ ಹರಿಯಿತು. ಒಳಗಿನ ಬಟ್ಟೆ ಲಿಂಗಕ್ಕೆ ಅಂಟಿಕೊಂಡಿತ್ತು. ನೀರು ಚಿಮುಕಿಸಿ ಮೆಲ್ಲಗೆ ಬಿಡಿಸಿದೆ. ಬುಡದಲ್ಲಿ ಉಗುರಿನಷ್ಟು ಜಾಗದಲ್ಲಿ ಕರಿ ಲೇಪ ಎದ್ದು ಒಳಗಿನ ಬೂದು ಬಣ್ಣದ ಕಲ್ಲು ಕಾಣುತ್ತಿತ್ತು. ನನಗೆ ಭಯವಾಯಿತು, ಲಿಂಗ ಒಡೆಯಿತೇ ಅಂತ. ಇಲ್ಲಿನ ಒಂದು ಮಠಕ್ಕೆ ಒಯ್ದು ತೋರಿಸಿದೆ. ಅಲ್ಲಿದ್ದ ಹಿರಿಯರೊಬ್ಬರು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಕಲ್ಲು ಗಟ್ಟಿ ಇದೆ, ಮೇಲಿನ ಲೇಪ ಸಗಣಿಯ ಬೂದಿಯನ್ನು ಎಣ್ಣೆಯಲ್ಲಿ ಅರೆದು ಹಚ್ಚಿದ್ದು, ಒಣಗಿದರೆ ಏಳುತ್ತದೆ, ದಿನಾ ಕೈಯಲ್ಲಿ ಆಡಿದ್ದರೆ ಇಷ್ಟು ಒಣಗುತ್ತಿರಲಿಲ್ಲ ಅಂದರು. ಬೈದದ್ದಲ್ಲ, ಸುಮ್ಮನೆ ಹೇಳಿದ್ದು. ಲೇಪ ಮತ್ತೆ ಹಚ್ಚಿಸಿಕೊಟ್ಟರು. ಹೊಸದು ಬೇಕಾ ಅಂತಲೂ ಕೇಳಿದರು. ನಾನು ಬೇಡ ಅಂದೆ.

ಈಗ ನಾನು ದಿನಾ ಏನು ಮಾಡುತ್ತೇನೆ ಅಂತ ಬರೆಯುತ್ತೇನೆ. ತಪ್ಪಿದ್ದರೆ ನೀನು ತಿದ್ದು.

ಏಳುವುದು ಐದೂವರೆಗೆ. ನೀರಿನ ವಿಷಯ ನಿನಗೆ ಗೊತ್ತೇ ಇದೆ, ಈ ಊರಲ್ಲಿ ನಳ ಯಾವ ದಿನ ಬರುತ್ತದೋ ಆ ದಿನವೇ ಹಬ್ಬ. ಹಾಗಾಗಿ ದಿನಾ ತಲೆಸ್ನಾನ ಆಗುವುದಿಲ್ಲ. ಒಂದು ಬಕೆಟ್ ಇದ್ದರೆ ಮೈ ತೊಳೆದುಕೊಳ್ಳುತ್ತೇನೆ, ಇಲ್ಲದ ದಿನ ಕೈ ಕಾಲು ಮುಖ. ಪೂಜೆಗೆ ಬೇಕಾದದ್ದು ಒಂದು ತಂಬಿಗೆ, ಅದರಲ್ಲೂ ಮುಕ್ಕಾಲು ಉಳಿಯುತ್ತದೆ. ಚಾಪೆಯ ಮೇಲೆ ಕೂತು, ಈಬತ್ತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಮೂರು ಬೆರಳಿನಿಂದ ಹಣೆಗೆ ಹಚ್ಚಿಕೊಳ್ಳುತ್ತೇನೆ. ಗಟ್ಟಿ ಬಾದಾಮಿ ಹತ್ತಿರದ ಶಿವಯೋಗಮಂದಿರದ್ದು, ಗೆಳತಿ ಬನಶಂಕರಿ ಜಾತ್ರೆಗೆ ಹೋದವಳು ತಂದದ್ದು. (1909ರಲ್ಲಿ ಅದನ್ನು ಕಟ್ಟಿದವರು ನಮ್ಮ ಜಿಲ್ಲೆಯ ಹಾನಗಲ್ಲದ ಕುಮಾರ ಸ್ವಾಮಿಗಳು ಅಂತ ಆಯಿ ಹೇಳುತ್ತಿದ್ದಳಲ್ಲ, ಪ್ರತಿ ಸಲ ಗಟ್ಟಿ ಬಿಚ್ಚುವಾಗ.) ಪೇಟೆಯಲ್ಲಿ ಸಿಗುವ ಒಂದೊಂದು ಗಟ್ಟಿ ಸುಣ್ಣದ ಹಾಗೆ ಹಣೆ ಉರಿಸುತ್ತದೆ, ಇದು ಉರಿಸುವುದಿಲ್ಲ.

ಆಮೇಲೆ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಬಲಗೈಯಿಂದ ಮಜ್ಜನ. ಒರೆಸಿ, ಈಬತ್ತಿ ಹಚ್ಚಿ, ಪತ್ರಿ ಇದ್ದರೆ ಪತ್ರಿ. ನಮ್ಮ ಬಾಡಿಗೆ ಮನೆಯ ಹಿಂದೆ ಬಿಲ್ವದ ಗಿಡ ಇಲ್ಲ, ದಾಸವಾಳ ಇದೆ. ಅದೂ ಇಲ್ಲದ ದಿನ ಏನೂ ಇಲ್ಲ.

ಇಲ್ಲಿಯವರೆಗೆ ನೀನು ಕಲಿಸಿದ್ದು ಕೈಗೆ ನೆನಪಿತ್ತು. ಕಷ್ಟವಾದದ್ದು ಆಮೇಲಿನದು, ನೋಡುತ್ತಾ ಕೂರುವುದು. ಚಿಕ್ಕವಳಿದ್ದಾಗ ನೀನು ನೋಡುತ್ತಾ ಕೂತಿದ್ದರೆ ನಾನು ನಿದ್ದೆ ಹೋಗಿದ್ದೀಯ ಅಂದುಕೊಳ್ಳುತ್ತಿದ್ದೆ. ನನಗೆ ಆ ಭಾಗವನ್ನು ನೀನು ಕಲಿಸಲಿಲ್ಲ, ಹುಡುಗಿ ಅಂತ ಬಿಟ್ಟಿರಬೇಕು.

ಮೊದಲ ದಿನ ಟ್ಯೂಬ್‌ಲೈಟ್ ಹಚ್ಚಿ ಕೂತೆ. ಲಿಂಗದ ಕರಿ ಮೈಮೇಲೆ ಬಿಳಿ ಗೆರೆಯೊಂದು ಬಿತ್ತು. ಅದನ್ನು ನೋಡಿದರೆ ಕಣ್ಣು ಗೆರೆಯ ಉದ್ದಕ್ಕೂ ಓಡಾಡುತ್ತದೆ, ಒಂದು ಕಡೆ ನಿಲ್ಲುವುದಿಲ್ಲ. ಎರಡು ವಾರ ಹೀಗೇ ಒದ್ದಾಡಿ, ನನಗೆ ಇದು ಆಗುವುದಲ್ಲ ಅಂದುಕೊಂಡೆ. ಒಂದು ದಿನ ಕರೆಂಟ್ ಹೋಯಿತು. ಎಣ್ಣೆ ದೀಪ ಹಚ್ಚಿ ಎಡಗಡೆ, ಭುಜಕ್ಕಿಂತ ಸ್ವಲ್ಪ ಹಿಂದೆ, ಪುಸ್ತಕದ ಕಪಾಟಿನ ಮೇಲೆ ಇಟ್ಟೆ. ಲಿಂಗದ ಮೇಲೆ ಸಾಸಿವೆ ಕಾಳಿನಷ್ಟು ಒಂದೇ ಚುಕ್ಕೆ ಕಂಡಿತು. ನೀನು ಯಾಕೆ ಯಾವತ್ತೂ ದೊಡ್ಡ ಲೈಟ್ ಆರಿಸಿ ಕೂರುತ್ತಿದ್ದೆ ಅಂತ ಆವತ್ತು ತಿಳಿಯಿತು. ಕರೆಂಟ್ ಬಿಲ್ಲಿಗೆ ಹೆದರಿ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ!

ಎರಡನೇ ತೊಂದರೆ ಕೈ. ಎದೆಯ ಮಟ್ಟದಲ್ಲಿ ಅಂಗೈ ಎತ್ತಿ ಹಿಡಿದರೆ ಮೂರು ನಿಮಿಷಕ್ಕೆ ಭುಜ ನಡುಗುತ್ತದೆ. ಚುಕ್ಕೆಯೂ ನಡುಗುತ್ತದೆ. ಮೊಳಕೈಯನ್ನು ಮಡಚಿದ ಮೊಣಕಾಲಿಗೆ ಆನಿಸಿ, ಮೊಣಕಾಲ ಕೆಳಗೆ ದಿಂಬು ಇಟ್ಟ ಮೇಲೆ ಸರಿಹೋಯಿತು. ಮೂರನೆಯದು ಕಣ್ಣು. ರೆಪ್ಪೆ ಬಡಿಯಲೇಬಾರದು ಅಂತ ಹಟ ಹಿಡಿದು ಕೂತಿದ್ದೆ, ನೀರು ಸುರಿಯಿತು, ಆಫೀಸಿನಲ್ಲಿ ಇಡೀ ದಿನ ತಲೆನೋವು. ಈಗ ಬಡಿಯಬೇಕು ಅನ್ನಿಸಿದರೆ ಬಡಿಯುತ್ತೇನೆ. ಕಣ್ಣು ಅರ್ಧ ತೆರೆದಿದ್ದರೆ ಸಾಕು. ಮನಸ್ಸು ಜಾರಿದ್ದು ಹೇಗೆ ಗೊತ್ತಾಗುತ್ತದೆ ಅಂದರೆ, ಚುಕ್ಕೆ ಎರಡಾಗುತ್ತದೆ. ಕಣ್ಣು ಲಿಂಗದ ಮೇಲಿರುತ್ತದೆ ಆದರೆ ನೋಟ ಅದರ ಆಚೆ ಎಲ್ಲೋ ಹೋಗಿರುತ್ತದೆ. ಆಗ ಒಂದು ಉಸಿರು ಬಿಟ್ಟು, "ಓಂ ನಮಃ ಶಿವಾಯ" ಅಂದು, ಎರಡನ್ನೂ ಒಂದು ಮಾಡಬೇಕು. ಹತ್ತು ನಿಮಿಷದಲ್ಲಿ ನಂದು ಇಪ್ಪತ್ತು ಮೂವತ್ತು ಸಲ ಎರಡಾಗುತ್ತದೆ. ಆರು ತಿಂಗಳಾದರೂ ಅಷ್ಟೇ. ಒಂದೊಂದು ದಿನ ಮ್ಯಾನೇಜರ್ ಜೊತೆ ಜಗಳವಾಡುತ್ತಾ ಪೂರ್ತಿ ಹತ್ತು ನಿಮಿಷ ಕಳೆಯುತ್ತೇನೆ, ಎರಡು ಚುಕ್ಕೆ ನೋಡುತ್ತಾ.

ಇದರಿಂದ ಏನು ಸಿಕ್ಕಿತು ಅಂತ ನೀನು ಕೇಳುವವಳಲ್ಲ, ಅಪ್ಪ ಕೇಳುತ್ತಾನೆ. ನಿದ್ದೆ ಮೊದಲಿನ ಹಾಗೇ ಕೆಟ್ಟದು. ಸಿಟ್ಟು ಕಡಿಮೆ ಆಗಿಲ್ಲ, ತಮ್ಮನನ್ನು ಕೇಳು. ಆದರೆ ದಿನಕ್ಕೆ ಹತ್ತು ನಿಮಿಷ ನಾನು ಒಂದೇ ಜಾಗದಲ್ಲಿ ಇರುತ್ತೇನೆ, ಯಾರಿಗೂ ಏನೂ ಆಗಿರಬೇಕಾಗಿಲ್ಲ. ಎಂಟನೇ ವಯಸ್ಸಿನಲ್ಲಿ ಅಂಗಿಯ ಮೇಲಿಂದ ಮುಟ್ಟಿಕೊಳ್ಳುವಾಗ ಇದ್ದದ್ದು ಅದೇ. ಅದು ನನ್ನದಾಗಿತ್ತು, ವಾಪಸ್ ಬೇಕಿತ್ತು. ಯಾಕೆ ಶುರು ಮಾಡಿದೆ ಅನ್ನುವುದಕ್ಕೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ.

ಇನ್ನೊಂದು ಮಾತು. ಇದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದದ್ದು.

ಶುರು ಮಾಡಿ ಹದಿನೆಂಟು ದಿನಕ್ಕೆ ನನಗೆ ಮುಟ್ಟಾಯಿತು. ಮುಂಜಾನೆ ಎದ್ದು ಗೊತ್ತಾದ ಕೂಡಲೇ ಕೈ ತಾನಾಗಿ ಕೊರಳಿಗೆ ಹೋಯಿತು, ಬಿಚ್ಚಲು. ಅಯ್ಯನವರ ಮಾತು ತಲೆಯಲ್ಲಿತ್ತು, ಆದರೆ ಕೈಗೆ ಆಯಿಯ ಮಾತೇ ಗೊತ್ತು. ಸ್ವಲ್ಪ ಹೊತ್ತು ಹಾಗೇ ನಿಂತೆ. ಬಿಚ್ಚಲಿಲ್ಲ. ಮುಖ ತೊಳೆದು ಕೂತೆ. ಲಿಂಗ ಅಂಗೈಗೆ ಇಟ್ಟಾಗ ಬೆರಳು ತಣ್ಣಗಾಗಿದ್ದವು, ಎದೆ ಹೊಡೆದುಕೊಳ್ಳುತ್ತಿತ್ತು, ಏನೋ ಕದ್ದವಳ ಹಾಗೆ. ಚುಕ್ಕೆ ಎಂದಿನಂತೆ ಇತ್ತು. ಎಂದಿನಂತೆ ಎರಡಾಯಿತು, ಒಂದಾಯಿತು. ಹೊಟ್ಟೆ ನೋಯುತ್ತಿದ್ದರಿಂದ ಐದು ನಿಮಿಷಕ್ಕೇ ಎದ್ದೆ. ಅಷ್ಟೇ ನಡೆದದ್ದು. ಆವತ್ತಿನಿಂದ ಒಂದು ದಿನವೂ ಆ ಕಾರಣಕ್ಕೆ ಬಿಟ್ಟಿಲ್ಲ. ಮಲಗಿಬಿಟ್ಟು ತಪ್ಪಿಸಿದ ದಿನಗಳು ಹನ್ನೊಂದು ಇವೆ, ಅದು ಬೇರೆ.

ನೀನು ಹೆದರಬಹುದು. ಹಿರಿಯರು ಮಾಡಿದ್ದನ್ನು ಮೀರಿದಳು ಅನ್ನಬಹುದು. ಅವ್ವಾ, ಹಿರಿಯರು ಅಂದರೆ ಆಯಿ ಒಬ್ಬಳೇನಾ? ಆಯಿಗಿಂತ ಎಂಟು ನೂರು ವರ್ಷ ಹಿರಿಯರು ಇದು ಬೇಡ ಅಂದಿದ್ದಾರೆ.

ಮೊನ್ನೆ ಸುಮ್ನೆ ಲೆಕ್ಕ ಹಾಕಿದೆ. ಹದಿನಾಲ್ಕಕ್ಕೆ ಶುರುವಾಗಿ ನಲವತ್ತೊಂಬತ್ತಕ್ಕೆ ನಿನಗೆ ನಿಂತಿತು. ತಿಂಗಳಿಗೆ ಐದು ದಿನ ಅಂದರೆ ವರ್ಷಕ್ಕೆ ಅರವತ್ತು, ಮೂವತ್ತೈದು ವರ್ಷಕ್ಕೆ 2100 ದಿನ. ನಾವಿಬ್ಬರೂ ಹೊಟ್ಟೆಯಲ್ಲಿದ್ದಾಗಿನದನ್ನು ಕಳೆದರೂ ಐದು ವರ್ಷಕ್ಕಿಂತ ಜಾಸ್ತಿ. ಅಷ್ಟು ದಿನ ನಿನ್ನ ಲಿಂಗ ಬಾಗಿಲ ಹಿಂದೆ ಇತ್ತು. ನೀನು ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದು, ಉರಿಯುವ ಕೈಗೆ ಎಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ ಎರಡೆರಡು ಸಲ ತೊಳೆದು, ಆಮೇಲೆ ಲಿಂಗ ಮುಟ್ಟುತ್ತಿದ್ದವಳು. ಖಾರ ಲಿಂಗಕ್ಕೆ ತಾಗಬಾರದು ಅಂತ. ಅಂಥವಳು ಆ ಐದು ದಿನ ಮುಂಜಾನೆ ಎದ್ದು ಏನು ಮಾಡುತ್ತಿದ್ದೆ? ಇದನ್ನು ನಾನು ಯಾವತ್ತೂ ಕೇಳಿಲ್ಲ. ಬಂದಾಗ ಹೇಳು.

ದೀಪಾವಳಿಗೆ ಮನೆಗೆ ಸುಣ್ಣ ಹಚ್ಚಿಸುತ್ತೇವೆ ಅಂದೆಯಲ್ಲ. ದೇವರ ಕೋಣೆಯ ಬಾಗಿಲ ಹಿಂದಿನ ಆ ಮೊಳೆಯನ್ನು ಕೀಳಿಸಿಬಿಡು. ತಮ್ಮನ ಹೆಂಡತಿಗೆ ಈಗ ಆರು ತಿಂಗಳು. ಕೂಸು ಹೆಣ್ಣಾದರೂ ಆಗಬಹುದು. ತೂತು ಕಾಣದ ಹಾಗೆ ಸ್ವಲ್ಪ ಗಾರೆ ಮೆತ್ತಲು ಹೇಳು, ಅಪ್ಪ ಕೇಳಿದರೆ ನಾನು ಹೇಳಿದೆ ಅನ್ನು.

ಆಯಿಯ ಖಾಲಿ ಕರಡಗಿಯನ್ನು ಅಕ್ಕಸಾಲಿಗೆ ಕೊಡಬೇಡ, ನಾನು ಬಂದ ಮೇಲೆ ನೋಡೋಣ. ನನ್ನ ಶಿವದಾರ ಇಲ್ಲಿನ ಅಂಗಡಿಯದು, ನೈಲಾನ್ ಬೆರೆತಿದೆಯೋ ಏನೋ, ಕೊರಳು ತುರಿಸುತ್ತದೆ. ನೀನೇ ಹತ್ತಿಯದು ಹೊಸೆದು ಇಟ್ಟಿರು. ಮೊದಲಿನ ಅಳತೆ ಬೇಡ, ಅದು ಹದಿಮೂರರ ಹುಡುಗಿಯದು. ಅದಕ್ಕಿಂತ ನಾಲ್ಕು ಬೆರಳು ಉದ್ದ ಇರಲಿ.

ನಿನ್ನ ಮಗಳು
ಧಾರವಾಡ